ಎಂಬತ್ತಾರರಿಂದ ಮೂವತ್ತೊಂಬತ್ತಕ್ಕೆ: ಒಂದು ರೈಲು ಇಂಜಿನ್ನಿನ ಲೆಕ್ಕ

(ಕೃಷ್ಣರಾಜಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ನಿಮ್ಮಲ್ಲಿ ಹೆಚ್ಚಿನವರು ಇಲ್ಲಿಗೆ ಬರುವಾಗ ತೂಗುಸೇತುವೆಯನ್ನು ದಾಟಿಕೊಂಡೇ ಬಂದಿರುತ್ತೀರಿ. ಕೆಳಗೆ ರೈಲು ಹಳಿ. ಗೂಡ್ಸ್ ಗಾಡಿ ಎಳೆಯುವ ಡೀಸೆಲ್ ಇಂಜಿನ್ ಅಲ್ಲಿ ನಿಂತಿದ್ದರೆ ಅದರ ನೆತ್ತಿಯ ಮೇಲಿನ ಗಾಳಿಯನ್ನು ಗಮನಿಸಿ. ಆಚೆಗಿರುವ ಕಂಬ, ಗೋಡೆ, ಮರ ಎಲ್ಲ ನೀರಿನೊಳಗಿಂದ ನೋಡಿದ ಹಾಗೆ ನಡುಗುತ್ತವೆ. ಇಂಜಿನ್ ಉಸಿರಿನ ಜೊತೆ ಹೊರಗೆ ಬಿಡುವ ಶಾಖ ಅದು. ನಾವು ದುಡ್ಡು ಕೊಟ್ಟು ತಂದ ಡೀಸೆಲ್ಲಿನ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಡಿ ಎಳೆಯದೆ ಹೀಗೆ ಆಕಾಶಕ್ಕೆ ಹೋಗುತ್ತದೆ.

ಇದು ಕೆಲಸಗಾರರ ಅಜಾಗರೂಕತೆಯೇ, ಇಂಜಿನ್ ಕಟ್ಟಿದವರ ಕೊರತೆಯೇ, ಇಲ್ಲ ಪ್ರಕೃತಿಯ ಕಟ್ಟಳೆಯೇ? ಮೂರರ ಪಾಲೂ ಇದೆ. ಯಾವುದು ಎಷ್ಟು ಎಂದು ಬೇರ್ಪಡಿಸಿ ನೋಡುವುದೇ ಇಂದಿನ ಉಪನ್ಯಾಸ. ನಮ್ಮ ಊರಿನ ಡೀಸೆಲ್ ಲೋಕೊ ಶೆಡ್ಡಿನಲ್ಲಿ ಆರೈಕೆ ಪಡೆಯುವ ಒಂದು ಬಗೆಯ ಇಂಜಿನ್ನನ್ನೇ ಮುಂದಿಟ್ಟುಕೊಂಡು ಈ ಲೆಕ್ಕ ಮಾಡೋಣ.

1. ಜಲಪಾತದ ಹೋಲಿಕೆ

1824ರಲ್ಲಿ ಸಾದಿ ಕಾರ್ನೋ ಎಂಬ ಇಪ್ಪತ್ತೆಂಟು ವರ್ಷದ ಫ್ರೆಂಚ್ ಇಂಜಿನಿಯರ್ ಬೆಂಕಿಯ ಚಾಲಕಶಕ್ತಿಯ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ಹಬೆಯಂತ್ರವನ್ನು ಎಷ್ಟು ಸುಧಾರಿಸಬಹುದು, ಸುಧಾರಣೆಗೆ ಕೊನೆಯುಂಟೇ ಎಂಬುದು ಅವನ ಪ್ರಶ್ನೆ. ನೀರು ಎತ್ತರದಿಂದ ತಗ್ಗಿಗೆ ಬೀಳುವಾಗ ಚಕ್ರ ತಿರುಗಿಸುವಂತೆ, ಶಾಖ ಬಿಸಿಯಿಂದ ತಂಪಿಗೆ ಇಳಿಯುವಾಗ ಯಂತ್ರ ನಡೆಸುತ್ತದೆ ಎಂದು ಅವನು ಕಂಡುಕೊಂಡ. ಬರೀ ಬಿಸಿ ಇದ್ದರೆ ಸಾಲದು, ಇಳಿದುಹೋಗಲು ಒಂದು ತಂಪು ಜಾಗವೂ ಬೇಕು.

ಈ ಹೋಲಿಕೆಗೆ ನಮ್ಮಲ್ಲೇ ಶಿವನಸಮುದ್ರವಿದೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅಲ್ಲಿನ ಟರ್ಬೈನಿಗೆ ಸಿಗುವುದು ಕಾವೇರಿಯ ಎತ್ತರದ ಒಂದು ತುಂಡು ಮಾತ್ರ. ಟರ್ಬೈನ್ ದಾಟಿದ ನೀರು ಸಮುದ್ರಮಟ್ಟಕ್ಕಿಂತ ಇನ್ನೂ ನೂರಾರು ಮೀಟರ್ ಮೇಲೆಯೇ ಇರುತ್ತದೆ. ಆ ಉಳಿದ ಎತ್ತರವನ್ನು ಅಲ್ಲಿ ಯಾವ ಜಾಣತನದಿಂದಲೂ ಬಳಸಲಾಗದು, ಏಕೆಂದರೆ ಅಲ್ಲಿ ಅದಕ್ಕಿಂತ ತಗ್ಗಾದ ಜಾಗವೇ ಇಲ್ಲ. ಸಮುದ್ರಮಟ್ಟದಿಂದ ಅಳೆದ ಒಟ್ಟು ಎತ್ತರದಲ್ಲಿ ಎಷ್ಟು ಭಾಗ ಇಳಿಸಿದೆವೋ ಅಷ್ಟೇ ನಮ್ಮ ಪಾಲು.

ಶಾಖಕ್ಕೂ ಇದೇ ಲೆಕ್ಕ. ಶಾಖದ ಸಮುದ್ರಮಟ್ಟವೆಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಅಲ್ಲ, ಅದಕ್ಕಿಂತ 273 ಡಿಗ್ರಿ ಕೆಳಗಿರುವ ನಿರಪೇಕ್ಷ ಸೊನ್ನೆ. ಅಲ್ಲಿಂದ ಎಣಿಸುವ ಅಳತೆಯೇ ಕೆಲ್ವಿನ್; 1848ರಲ್ಲಿ ವಿಲಿಯಂ ಥಾಮ್ಸನ್ ಕಾರ್ನೋನ ವಿಚಾರದ ಮೇಲೆಯೇ ಅದನ್ನು ಕಟ್ಟಿದ. ಬಿಸಿ ಕಣಜದ ತಾಪಮಾನ T₁, ತಣ್ಣನೆಯ ಕಣಜದ್ದು T₂ ಎಂದರೆ ಗರಿಷ್ಠ ದಕ್ಷತೆ ಇಷ್ಟು:

η = (T₁ − T₂) / T₁ = 1 − T₂/T₁

ಹೋಲಿಕೆ ಒಂದು ಕಡೆ ತಪ್ಪುತ್ತದೆ. ಜಲಪಾತದಲ್ಲಿ ಬಿದ್ದ ನೀರೆಲ್ಲ ಕೆಳಗೆ ಸಿಗುತ್ತದೆ. ಯಂತ್ರದಲ್ಲಿ ಒಳಬಂದ ಶಾಖದ ಒಂದು ಪಾಲು ಕೆಲಸವಾಗಿ ಮಾರ್ಪಡುತ್ತದೆ, ಉಳಿದದ್ದು ಮಾತ್ರ ತಂಪಿಗೆ ಇಳಿಯುತ್ತದೆ. ಕಾರ್ನೋ ಪುಸ್ತಕ ಬರೆದಾಗ ಇದು ತಿಳಿದಿರಲಿಲ್ಲ. ಶಾಖವೂ ನೀರಿನಂತೆ ನಷ್ಟವಾಗದ ದ್ರವವೆಂದೇ ಅವನು ಎಣಿಸಿದ್ದ. ಆದರೂ ಮಿತಿಯೊಂದಿದೆ, ಅದು ಎರಡು ತಾಪಮಾನಗಳನ್ನು ಮಾತ್ರ ಅವಲಂಬಿಸಿದೆ ಎಂಬ ಅವನ ತೀರ್ಮಾನ ಸರಿಯಾಗಿತ್ತು.

ಮಿತಿ ಏಕೆ ಮುರಿಯುವುದಿಲ್ಲ? ಕಾರ್ನೋನ ಆದರ್ಶ ಯಂತ್ರವನ್ನು ಹಿಂದುಮುಂದಾಗಿಯೂ ಓಡಿಸಬಹುದು. ಹಿಮ್ಮುಖ ಓಡಿಸಿದರೆ ಅದು ಫ್ರಿಜ್ಜಿನಂತೆ ತಂಪಿನಿಂದ ಶಾಖವನ್ನೆತ್ತಿ ಬಿಸಿಗೆ ಸೇರಿಸುತ್ತದೆ. ಯಾರೋ ಅದಕ್ಕಿಂತ ಹೆಚ್ಚು ದಕ್ಷವಾದ ಯಂತ್ರ ಕಟ್ಟಿದರು ಎನ್ನಿ. ಆ ಹೊಸ ಯಂತ್ರದಿಂದ ಈ ಆದರ್ಶ ಯಂತ್ರವನ್ನು ಹಿಮ್ಮುಖ ಓಡಿಸಿ, ಎರಡನ್ನೂ ಒಂದೇ ಪೆಟ್ಟಿಗೆಯೊಳಗಿಡಿ. ಹೊರಗಿನಿಂದ ಯಾವ ಶಕ್ತಿಯನ್ನೂ ಕೊಡದೆ ಆ ಪೆಟ್ಟಿಗೆ ತಂಪಿನಿಂದ ಬಿಸಿಗೆ ಶಾಖ ಸಾಗಿಸುತ್ತಾ ಹೋಗಬೇಕಾಗುತ್ತದೆ. ತಣ್ಣಗಾದ ಸಾರು ತಾನಾಗಿ ಮತ್ತೆ ಕುದಿಯುವುದನ್ನು ಯಾರೂ ಕಂಡಿಲ್ಲ. ಹಾಗಾಗಿ ಅಂಥ ಯಂತ್ರವೂ ಇಲ್ಲ.

2. ಹಬೆ ಇಂಜಿನ್ ಏಕೆ ಸೋತಿತು

ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಶುರುವಾದದ್ದು 1864ರ ಆಗಸ್ಟ್ 1ರಂದು. ನಮ್ಮೂರಿನ ನಿಲ್ದಾಣ ಇರುವುದು ಆ ದಾರಿಯಲ್ಲೇ. ಆ ಕಾಲದ ಹಬೆ ಇಂಜಿನ್ನಿನ ಬಾಯ್ಲರಿನಲ್ಲಿ ಹಬೆಯ ತಾಪಮಾನ ಸುಮಾರು 180 ಡಿಗ್ರಿ, ಅಂದರೆ 453 ಕೆಲ್ವಿನ್. ಹೊರಗಿನ ಗಾಳಿ 300 ಕೆಲ್ವಿನ್. ಸೂತ್ರಕ್ಕೆ ಹಾಕಿದರೆ 34 ಶೇಕಡಾ ಬರುತ್ತದೆ.

ಆದರೆ ಈ ಲೆಕ್ಕ ತಪ್ಪು. ಹಬೆ ಇಂಜಿನ್ ತನ್ನ ಕೆಲಸ ಮುಗಿಸಿದ ಹಬೆಯನ್ನು ಚಿಮಣಿಯ ಮೂಲಕ ಹೊರಗೆ ಊದುತ್ತಿತ್ತು. ಛುಕ್ ಛುಕ್ ಸದ್ದು ಅದರದ್ದೇ. ಹಬೆ ಹಬೆಯಾಗಿಯೇ ಹೊರಹೋಗಬೇಕಾದರೆ ಅದು ಕನಿಷ್ಠ 100 ಡಿಗ್ರಿ ಇರಬೇಕು. ಅಂದರೆ ಈ ಯಂತ್ರದ ತಣ್ಣನೆಯ ಕೊನೆ ಬೆಂಗಳೂರಿನ ತಂಪು ಗಾಳಿಯಲ್ಲ, 373 ಕೆಲ್ವಿನ್ನಿನ ಹಬೆ. ಈಗ ಲೆಕ್ಕ ಮಾಡಿ: 1 − 373/453, ಅಂದರೆ 18 ಶೇಕಡಾ. ಮಿತಿಯೇ ಅರ್ಧಕ್ಕೆ ಇಳಿಯಿತು. ಚಿಮಣಿಯಲ್ಲಿ ಹೋಗುವ ಬೆಂಕಿಯ ಬಿಸಿ, ಸಿಲಿಂಡರಿನ ಗೋಡೆಗೆ ತಾಗಿ ನೀರಾಗುವ ಹಬೆ, ಸೋರಿಕೆ, ತಿಕ್ಕಾಟ ಎಲ್ಲ ಕಳೆದು ಕೈಗೆ ಬರುತ್ತಿದ್ದದ್ದು ಐದಾರು ಶೇಕಡಾ.

ಇಲ್ಲಿಂದ ಒಂದು ಪಾಠವನ್ನು ಕಟ್ಟಿಕೊಂಡು ಮುಂದೆ ಹೋಗೋಣ. ಊರಿನಲ್ಲಿ ಅತಿ ಬಿಸಿ ಯಾವುದು, ಅತಿ ತಂಪು ಯಾವುದು ಎಂಬುದು ಮುಖ್ಯವಲ್ಲ. ಯಂತ್ರದೊಳಗಿನ ಹಬೆಯೋ ಗಾಳಿಯೋ ಯಾವ ತಾಪಮಾನದಲ್ಲಿ ಶಾಖ ಪಡೆಯಿತು, ಯಾವ ತಾಪಮಾನದಲ್ಲಿ ಬಿಟ್ಟುಕೊಟ್ಟಿತು ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

3. ಶೆಡ್ಡಿನ ಇಂಜಿನ್

ಈಗ ಡೀಸೆಲ್ ಇಂಜಿನ್ನಿಗೆ ಬರುತ್ತೇನೆ. ಶೆಡ್ಡಿನವರು ಡಬ್ಲ್ಯೂಡಿಜಿ-4 ಎನ್ನುವ ಗೂಡ್ಸ್ ಇಂಜಿನ್ನನ್ನು ಆರಿಸಿಕೊಳ್ಳೋಣ. ಹದಿನಾರು ಸಿಲಿಂಡರು, 4000 ಅಶ್ವಶಕ್ತಿ. ಪೂರ್ತಿ ಶಕ್ತಿಯಲ್ಲಿ ಅದು ನಿಮಿಷಕ್ಕೆ ಸುಮಾರು 900 ಸುತ್ತು ತಿರುಗುತ್ತದೆ.

ವಿದ್ಯಾರ್ಥಿಗಳನ್ನು ಕರೆದುಕೊಂಡು ಇಂಥ ಇಂಜಿನ್ನಿನ ಲೋಡ್ ಪರೀಕ್ಷೆ ನೋಡಿದ ದಿನ ನನಗೆ ಇನ್ನೂ ನೆನಪಿದೆ. ಇಂಜಿನ್ ನಿಂತಲ್ಲೇ ನಿಂತಿತ್ತು. ನಾಚನ್ನು ಒಂದೊಂದಾಗಿ ಏರಿಸಿ ಎಂಟಕ್ಕೆ ತಂದರು. ನೆಲ ಅದುರತೊಡಗಿತು, ಎದೆಯೊಳಗೂ ಅದುರು. ಹುಟ್ಟಿದ ವಿದ್ಯುತ್ತನ್ನು ಚಕ್ರದ ಮೋಟರುಗಳಿಗೆ ಕೊಡದೆ ರೋಧಕಗಳಿಗೆ ಹರಿಸಿದ್ದರು. ಅಲ್ಲಿಂದ ಎದ್ದ ಬಿಸಿಗಾಳಿ ದೂರ ನಿಂತವರ ಮುಖಕ್ಕೂ ತಾಗುತ್ತಿತ್ತು. ಒಬ್ಬ ಹುಡುಗಿ ಕೇಳಿದಳು: "ಸರ್, ಕೆಲಸವೆಲ್ಲ ಕೊನೆಗೆ ಶಾಖವೇ ಆಗೋದಾದ್ರೆ, ಶಾಖವನ್ನೆಲ್ಲ ಯಾಕೆ ಕೆಲಸ ಮಾಡೋಕಾಗಲ್ಲ?" ಕೆಲಸವನ್ನು ನೂರಕ್ಕೆ ನೂರು ಶಾಖ ಮಾಡಬಹುದು, ಶಾಖವನ್ನು ನೂರಕ್ಕೆ ನೂರು ಕೆಲಸ ಮಾಡಲಾಗದು ಎಂಬ ನಿಯಮವನ್ನು ನಾನು ಪಾಠ ಹೇಳಿ ಮುಗಿಸಿದ್ದೆ. ಅವಳು ಅದನ್ನು ಕಣ್ಣೆದುರಿಗೆ ಕಂಡಳು.

ಮೊದಲು ಒಟ್ಟು ಜಮಾಖರ್ಚು ನೋಡೋಣ. ಇಂಥ ಇಂಜಿನ್ನಿಗೆ ಒಂದು ಅಶ್ವಶಕ್ತಿ ಒಂದು ಗಂಟೆ ದುಡಿಯಲು ಸುಮಾರು 160 ಗ್ರಾಂ ಡೀಸೆಲ್ ಬೇಕೆಂದು ಹಿಡಿಯೋಣ. 4000 ಅಶ್ವಶಕ್ತಿಗೆ ಗಂಟೆಗೆ 640 ಕಿಲೋ. ಕಿಲೋ ಡೀಸೆಲ್ಲಿನಲ್ಲಿ ಸುಮಾರು 42.7 ಮೆಗಾಜೂಲ್ ಶಕ್ತಿ ಇದೆ. ಲೆಕ್ಕ ಹಾಕಿದರೆ ಒಳಗೆ ಹೋಗುವುದು 7.6 ಮೆಗಾವಾಟ್, ಕೆಲಸವಾಗಿ ಹೊರಬರುವುದು 3 ಮೆಗಾವಾಟ್. ದಕ್ಷತೆ 39 ಶೇಕಡಾ. ಉಳಿದ 4.6 ಮೆಗಾವಾಟ್ ಹೊಗೆಯ ಜೊತೆಗೂ ರೇಡಿಯೇಟರಿನ ಮೂಲಕವೂ ಗಾಳಿಗೆ.

ಈಗ ಕಾರ್ನೋ ಏನನ್ನುತ್ತಾನೆ? ಸಿಲಿಂಡರಿನೊಳಗೆ ಏನಾಗುತ್ತದೆ ಎಂಬುದನ್ನು ಪಠ್ಯಪುಸ್ತಕದ ಡೀಸೆಲ್ ಚಕ್ರದ ಪ್ರಕಾರ ಹಿಂಬಾಲಿಸೋಣ. ಟರ್ಬೊ ತಳ್ಳಿ, ಕೂಲರಿನಲ್ಲಿ ತಣಿದ ಗಾಳಿ ಸುಮಾರು 350 ಕೆಲ್ವಿನ್ನಿನಲ್ಲಿ ಒಳಬರುತ್ತದೆ. ಪಿಸ್ಟನ್ ಅದನ್ನು ಹದಿನಾರನೇ ಒಂದು ಭಾಗಕ್ಕೆ ಒತ್ತಿದಾಗ ಅದು ತಾನಾಗಿ 1060 ಕೆಲ್ವಿನ್ನಿಗೆ ಕಾಯುತ್ತದೆ. ಕಿಡಿಯಿಲ್ಲದೆ ಡೀಸೆಲ್ ಹೊತ್ತಿಕೊಳ್ಳುವುದು ಈ ಕಾವಿಗೆ. ಡೀಸೆಲ್ ಉರಿಯುತ್ತಾ ಗಾತ್ರ ಎರಡು ಪಟ್ಟಾಗುವಷ್ಟರಲ್ಲಿ ತಾಪಮಾನ 2120 ಕೆಲ್ವಿನ್. ಆಮೇಲೆ ಅನಿಲ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತಾ ತಣಿಯುತ್ತದೆ. ಪಿಸ್ಟನ್ ಕೆಳಮುಟ್ಟಿದಾಗ ಅದಿನ್ನೂ 920 ಕೆಲ್ವಿನ್, ಅಂದರೆ 650 ಡಿಗ್ರಿ ಸೆಲ್ಸಿಯಸ್.

ಅತಿ ಬಿಸಿ 2120, ಹೊರಗಿನ ಗಾಳಿ 300. ಕಾರ್ನೋ ಮಿತಿ 86 ಶೇಕಡಾ. ಕೈಗೆ ಬಂದದ್ದು 39. ನಡುವಿನ 47 ಎಲ್ಲಿ ಹೋಯಿತು?

4. ಇಳಿಯುವ ಮೆಟ್ಟಿಲುಗಳು

ಮೊದಲ ಮೆಟ್ಟಿಲೇ ಅತಿ ದೊಡ್ಡದು. ಅನಿಲ ಶಾಖ ಪಡೆದದ್ದು 2120ರಲ್ಲಿ ಅಲ್ಲ. 1060ರಿಂದ ಶುರುವಾಗಿ 2120ರವರೆಗೆ ಏರುತ್ತಾ ಪಡೆಯಿತು; ಸರಾಸರಿ ತೆಗೆದರೆ ಸುಮಾರು 1530 ಕೆಲ್ವಿನ್. ಶಾಖ ಬಿಟ್ಟದ್ದೂ 300ರಲ್ಲಲ್ಲ. 920ರಿಂದ 350ರವರೆಗೆ ಇಳಿಯುತ್ತಾ ಬಿಟ್ಟಿತು, ಸರಾಸರಿ 590. ಈ ಎರಡು ಸರಾಸರಿಗಳನ್ನು ಕಾರ್ನೋ ಸೂತ್ರಕ್ಕೆ ಹಾಕಿ: 1 − 590/1530, ಅಂದರೆ 61 ಶೇಕಡಾ. ಡೀಸೆಲ್ ಚಕ್ರದ ಉದ್ದನೆಯ ಸೂತ್ರವನ್ನು ಬಿಡಿಸಿದರೂ ಬರುವುದು ಇದೇ 61. ತಿಕ್ಕಾಟ, ಸೋರಿಕೆ ಏನೂ ಇಲ್ಲದ, ಕಾಗದದ ಮೇಲಿನ ಕಳಂಕವಿಲ್ಲದ ಇಂಜಿನ್ನಿಗೂ ಇಷ್ಟೇ. 25 ಅಂಕ ಇಲ್ಲಿಯೇ ಹೋಯಿತು.

ಹಾಗಿದ್ದರೆ ಪೂರ್ತಿ ಶಾಖವನ್ನು ತುತ್ತತುದಿಯ ತಾಪಮಾನದಲ್ಲೇ ಕೊಡುವ ಇಂಜಿನ್ ಕಟ್ಟಬಾರದೇಕೆ? ರುಡಾಲ್ಫ್ ಡೀಸೆಲ್ ಹೊರಟದ್ದು ಅದಕ್ಕೇ. ಅವನ ಮೊದಲ ಪೇಟೆಂಟಿನಲ್ಲಿ ಕಾರ್ನೋನ ಚಕ್ರವನ್ನೇ ಲೋಹದಲ್ಲಿ ಮೂಡಿಸುವ ಕನಸಿತ್ತು: ಇಂಧನ ಉರಿಯುವಾಗ ತಾಪಮಾನ ಏರಬಾರದು, ಗಾಳಿಯನ್ನು ಒತ್ತುವುದರಿಂದಲೇ ಆ ತುದಿ ಮುಟ್ಟಬೇಕು. ಅದಕ್ಕೆ ವಾಯುಮಂಡಲದ ಇನ್ನೂರು ಪಟ್ಟಿಗೂ ಮೀರಿದ ಒತ್ತಡ ಬೇಕಾಗಿತ್ತು. ಅಷ್ಟು ಒತ್ತಲು ಖರ್ಚಾಗುವ ಕೆಲಸ, ಹಿಗ್ಗುವಾಗ ಸಿಗುವ ಕೆಲಸ ಎರಡೂ ಬಹುಪಾಲು ಸಮ. ನಡುವೆ ಉಳಿಯುವ ಚೂರನ್ನು ಪಿಸ್ಟನ್ನಿನ ತಿಕ್ಕಾಟವೇ ತಿಂದುಹಾಕುತ್ತದೆ. ದಕ್ಷತೆ ಕಾಗದದಲ್ಲಿ ಅತಿ ಹೆಚ್ಚು, ಚಕ್ರಕ್ಕೆ ಬರುವುದು ಸೊನ್ನೆ. ಡೀಸೆಲ್ ಇದನ್ನು ಅರಿತು ದಾರಿ ಬದಲಿಸಿದ. ಒತ್ತಡವನ್ನು ಸರಿಸುಮಾರು ಒಂದೇ ಸಮ ಇಟ್ಟುಕೊಂಡು ಇಂಧನವನ್ನು ಉರಿಸಿದ. 1897ರ ಪರೀಕ್ಷೆಯಲ್ಲಿ ಅವನ ಇಂಜಿನ್ 26 ಶೇಕಡಾ ಕೊಟ್ಟಿತು. ಅಂದಿನ ಹಬೆಯಂತ್ರಗಳನ್ನು ಅದು ಬಹಳ ಹಿಂದೆ ಹಾಕಿತು. ಕಾರ್ನೋನನ್ನು ಪೂರ್ತಿ ಪಾಲಿಸುವುದನ್ನು ಬಿಟ್ಟಾಗಲೇ ಅವನ ಇಂಜಿನ್ ಓಡಿತು.

ಎರಡನೆಯ ಮೆಟ್ಟಿಲು ಅನಿಲದ ಸ್ವಭಾವದ್ದು. ಬಹಳ ಕಾದ ಅನಿಲ ಮತ್ತೊಂದು ಡಿಗ್ರಿ ಏರಲು ಹೆಚ್ಚು ಶಾಖ ಬೇಡುತ್ತದೆ. ಅಣುಗಳ ಒಳಗಿನ ಕಂಪನಕ್ಕೇ ಒಂದು ಪಾಲು ಹೋಗುತ್ತದೆ. ಅದು ಒತ್ತಡವಾಗಿ ಪಿಸ್ಟನ್ನಿಗೆ ತಲುಪುವುದಿಲ್ಲ. ಇದನ್ನು ಸೇರಿಸಿದರೆ 61 ಎಂಬುದು ಸುಮಾರು 54 ಆಗುತ್ತದೆ.

ಮೂರನೆಯ ಮೆಟ್ಟಿಲಿನಲ್ಲಿ 54ರಿಂದ 39ಕ್ಕೆ ಇಳಿಯುತ್ತೇವೆ. ಇದರ ಮುಖ್ಯ ಕಾರಣವನ್ನು ಬಚ್ಚಲುಮನೆಯ ಹಂಡೆಯಿಂದ ವಿವರಿಸುತ್ತೇನೆ. ಹಂಡೆಯ ಕುದಿನೀರಿಗೆ ತಣ್ಣೀರು ಬೆರೆಸಿ ಹದ ಮಾಡಿಕೊಳ್ಳುತ್ತೇವೆ. ಬೆರೆಸುವಾಗ ಶಾಖ ಎಲ್ಲಿಗೂ ಹೋಗಲಿಲ್ಲ, ಅಷ್ಟೂ ಬಕೆಟ್ಟಿನಲ್ಲೇ ಇದೆ. ಆದರೆ ಆ ಬಿಸಿ ಮತ್ತು ತಂಪಿನ ನಡುವೆ ಒಂದು ಪುಟ್ಟ ಯಂತ್ರವನ್ನು ಓಡಿಸಬಹುದಾಗಿತ್ತು. ಬೆರೆತ ಮೇಲೆ ಆ ಅವಕಾಶ ಹೋಯಿತು, ಮರಳಿ ಬಾರದು. ಶಾಖ ದೊಡ್ಡ ತಾಪಮಾನದಿಂದ ಚಿಕ್ಕದಕ್ಕೆ ಕೆಲಸ ಮಾಡದೆ ಇಳಿದಾಗಲೆಲ್ಲ ಆಗುವುದು ಇದೇ. 1865ರಲ್ಲಿ ಕ್ಲಾಸಿಯಸ್ ಎಂಟ್ರೊಪಿ ಎಂದು ಹೆಸರಿಟ್ಟದ್ದು ಈ ಮರಳಿಬಾರದ ನಷ್ಟವನ್ನು ಎಣಿಸುವ ಅಳತೆಗೆ. ಸಿಲಿಂಡರಿನೊಳಗೆ ಎರಡು ಸಾವಿರ ಕೆಲ್ವಿನ್ನಿನ ಅನಿಲ, ಗೋಡೆಯ ಆಚೆಗೆ ಎಂಬತ್ತು ಡಿಗ್ರಿಯ ನೀರು. ಆ ನೀರಿಲ್ಲದಿದ್ದರೆ ಲೋಹ, ಎಣ್ಣೆ ಎರಡೂ ಉಳಿಯವು. ಇಂಜಿನ್ನನ್ನು ಉಳಿಸಿಕೊಳ್ಳಲು ಒಳ್ಳೆಯ ಶಾಖವನ್ನು ಹಾಗೆಯೇ ಬಿಟ್ಟುಕೊಡುತ್ತೇವೆ. ಇದರ ಮೇಲೆ ಪಿಸ್ಟನ್ ರಿಂಗಿನ ತಿಕ್ಕಾಟ, ನೀರಿನ ಪಂಪು, ಎಣ್ಣೆಯ ಪಂಪು, ಗಾಳಿ ಹೊಕ್ಕು ಹೊರಡುವ ಶ್ರಮ, ಉರಿಯಲು ತಗಲುವ ಕಾಲ.

5. ಕೆಲಸಗಾರರ ಕೈಯಲ್ಲಿರುವ ಪಾಲು

ಶೆಡ್ಡಿನ ಕೆಲಸಗಾರರು ಕಾಯುವುದು ಈ ಕೊನೆಯ ಮೆಟ್ಟಿಲನ್ನು. ಅವರ ಕಣ್ಣು ಹೊಗೆಯ ಮೇಲೆ, ಹೊಗೆಯ ತಾಪಮಾನದ ಮೇಲೆ. ಒಂದು ಇಂಜೆಕ್ಟರ್ ಸವೆದು ಡೀಸೆಲ್ಲನ್ನು ಮಂಜಾಗಿ ಚಿಮ್ಮಿಸದೆ ತೊಟ್ಟಿಕ್ಕಿಸಿತು ಎನ್ನಿ. ದಪ್ಪ ಹನಿ ನಿಧಾನ ಉರಿಯುತ್ತದೆ. ಪಿಸ್ಟನ್ ಅರ್ಧ ದಾರಿ ಇಳಿದ ಮೇಲೂ ಉರಿಯುತ್ತಲೇ ಇರುತ್ತದೆ. ಡೀಸೆಲ್ ಅಷ್ಟೇ, ಶಾಖವೂ ಹೆಚ್ಚುಕಡಿಮೆ ಅಷ್ಟೇ. ಆದರೆ ತಡವಾಗಿ ಹುಟ್ಟಿದ ಶಾಖಕ್ಕೆ ಹಿಗ್ಗಲು ಜಾಗ ಉಳಿದಿಲ್ಲ. ಅದು ಕೆಲಸ ಮಾಡದೆ ಹೊಗೆಯ ಜೊತೆ ಹೊರಟುಹೋಗುತ್ತದೆ. ಆ ಸಿಲಿಂಡರಿನ ಹೊಗೆ ಉಳಿದವಕ್ಕಿಂತ ಬಿಸಿಯಾಗಿರುತ್ತದೆ, ಪೂರ್ತಿ ಉರಿಯದ ಇಂಗಾಲದಿಂದ ಕಪ್ಪಾಗಿರುತ್ತದೆ. ಗಾಳಿಯ ಫಿಲ್ಟರ್ ಕಟ್ಟಿಕೊಂಡರೂ, ಟರ್ಬೊ ಸೋತು ಗಾಳಿಯ ಒತ್ತಡ ಬಿದ್ದರೂ ಇದೇ ಲಕ್ಷಣ. ವ್ಯತ್ಯಾಸ ಒಂದೇ: ಇಂಜೆಕ್ಟರ್ ಕೆಟ್ಟರೆ ಒಂದು ಸಿಲಿಂಡರ್ ಬೇರೆಯಾಗಿ ಕಾಣುತ್ತದೆ, ಗಾಳಿ ಕಡಿಮೆಯಾದರೆ ಹದಿನಾರೂ ಒಟ್ಟಿಗೆ ಬಿಸಿಯೇರುತ್ತವೆ. ಅನುಭವಿ ಫಿಟ್ಟರ್ ಇದನ್ನು ಎಂಟ್ರೊಪಿಯ ಹೆಸರೆತ್ತದೆಯೇ ಪತ್ತೆ ಮಾಡುತ್ತಾರೆ. ಅವರು ಕಂಡುಹಿಡಿಯುತ್ತಿರುವುದು ಮಾತ್ರ ಅದನ್ನೇ.

ಕಾರ್ನೋನ 86 ಪೂರ್ತಿ ಸಿಗಬೇಕಾದರೆ ಇನ್ನೊಂದು ಷರತ್ತಿದೆ. ಶಾಖ ಎಲ್ಲಿಯೂ ಜಿಗಿಯದೆ, ಸಮ ತಾಪಮಾನಗಳ ನಡುವೆ ಜಾರಬೇಕು. ತಾಪಮಾನದ ಅಂತರವೇ ಇಲ್ಲದ ಕಡೆ ಶಾಖ ಹರಿಯಲು ಕೊನೆಯಿಲ್ಲದಷ್ಟು ಕಾಲ ಹಿಡಿಯುತ್ತದೆ. ಆ ಇಂಜಿನ್ನಿಗೆ ಗಾಡಿ ಕಟ್ಟಿದರೆ ಅದು ಬಂಗಾರಪೇಟೆಯನ್ನು ಎಂದೂ ಮುಟ್ಟದು. ವೇಗ ಬೇಕೆಂದ ಕ್ಷಣದಲ್ಲೇ ದಕ್ಷತೆಯ ಒಂದು ಪಾಲನ್ನು ಬೆಲೆಯಾಗಿ ತೆರುತ್ತೇವೆ.

6. ಹೊಗೆಯ ಬಿಸಿಯನ್ನು ಹಿಡಿದರೆ

650 ಡಿಗ್ರಿಯ ಅನಿಲವನ್ನು ಬಿಡುವುದೇ ದೊಡ್ಡ ನಷ್ಟವಾದರೆ ಅದರಿಂದ ಮತ್ತೊಂದು ಯಂತ್ರ ಓಡಿಸಬಹುದಲ್ಲ? ಓಡಿಸಬಹುದು. ಇಂಜಿನ್ನಿನ ಟರ್ಬೊ ಆ ಬಿಸಿಯ ಚಿಕ್ಕ ಪಾಲನ್ನು ಹಿಡಿದು ಗಾಳಿ ತಳ್ಳಲು ಬಳಸುತ್ತದೆ. ಪೂರ್ತಿ ಹಿಡಿಯಬೇಕಾದರೆ ಬಾಯ್ಲರ್, ಹಬೆಯ ಟರ್ಬೈನ್, ತಣಿಸುವ ಗೋಪುರ ಬೇಕು. ರೈಲಿನ ಮೇಲೆ ಅದಕ್ಕೆ ಜಾಗವಿಲ್ಲ. ಯಲಹಂಕದಲ್ಲಿ ಜಾಗವಿದೆ. ಹಿಂದೆ ಡೀಸೆಲ್ ವಿದ್ಯುತ್ ಘಟಕವಿದ್ದಲ್ಲಿ ಈಗ 370 ಮೆಗಾವಾಟಿನ ಅನಿಲ ವಿದ್ಯುತ್ ಸ್ಥಾವರವಿದೆ. ಗ್ಯಾಸ್ ಟರ್ಬೈನ್ ಬಿಟ್ಟ ಬಿಸಿ ಹೊಗೆಯಿಂದ ಅಲ್ಲಿ ಹಬೆ ಮಾಡಿ ಎರಡನೆಯ ಟರ್ಬೈನ್ ತಿರುಗಿಸುತ್ತಾರೆ. ಶಾಖ ಪಡೆಯುವ ಸರಾಸರಿ ಎತ್ತರದಲ್ಲಿ, ಬಿಡುವ ಸರಾಸರಿ ತಗ್ಗಿನಲ್ಲಿ. ಈ ಬಗೆಯ ಹೊಸ ಸ್ಥಾವರಗಳು 55 ಶೇಕಡಾ ದಾಟುವುದು ಇದರಿಂದಲೇ.

ಇನ್ನು ವಿದ್ಯುತ್ ಇಂಜಿನ್. ನಮ್ಮ ಶೆಡ್ಡಿಗೆ ಈಗ ಅವೂ ಬರುತ್ತವೆ. ಮೋಟರಿಗೆ ಕಾರ್ನೋ ಮಿತಿ ಇಲ್ಲ, ತೊಂಬತ್ತರ ಆಸುಪಾಸಿನ ದಕ್ಷತೆ ಸುಲಭ. ಆದರೆ ಆ ವಿದ್ಯುತ್ ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಬಂದದ್ದಾದರೆ ಸುಂಕವನ್ನು ಅಲ್ಲಿಯೇ ಕಟ್ಟಿಯಾಗಿದೆ. ಅಲ್ಲಿನ ಬಾಯ್ಲರಿನಲ್ಲಿ ಉರಿ ಎಷ್ಟೇ ಬಿಸಿಯಿದ್ದರೂ ಹಬೆ ಸುಮಾರು 540 ಡಿಗ್ರಿಯನ್ನು ದಾಟುವುದಿಲ್ಲ. ಕೊಳವೆಯ ಉಕ್ಕು ಅದಕ್ಕಿಂತ ಹೆಚ್ಚು ತಾಳದು. ಕಲ್ಲಿದ್ದಲಿನ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ತಂತಿಗೆ ಬರುತ್ತದೆ. ಅದೇ ವಿದ್ಯುತ್ ಶರಾವತಿಯ ನೀರಿನಿಂದ ಬಂದದ್ದಾದರೆ ಈ ಸುಂಕ ಇಲ್ಲ, ಏಕೆಂದರೆ ಅಲ್ಲಿ ನಡುವೆ ಶಾಖವೇ ಬರಲಿಲ್ಲ. ರೈಲಿನ ಮೇಲೆ ತಂತಿ ಎಳೆದ ಮಾತ್ರಕ್ಕೆ ಮಿತಿ ಹೋಗಲಿಲ್ಲ. ತಂತಿಯ ಆ ತುದಿಯಲ್ಲಿ ಏನಿದೆ ಎಂದು ಕೇಳಬೇಕು.

ವಿದ್ಯಾರ್ಥಿಗಳೇ, ಮುಂದೆ ಯಾರಾದರೂ ಹೊಸ ಇಂಜಿನ್ ತೋರಿಸಿ ಅದರ ದಕ್ಷತೆ ಇಷ್ಟು ಎಂದು ಹೇಳಿದರೆ ಎರಡೇ ಪ್ರಶ್ನೆ ಕೇಳಿ. ಸರಾಸರಿ ಯಾವ ತಾಪಮಾನದಲ್ಲಿ ಶಾಖ ಒಳಗೆ ಹೋಗುತ್ತದೆ? ಸರಾಸರಿ ಯಾವ ತಾಪಮಾನದಲ್ಲಿ ಹೊರಗೆ ಬರುತ್ತದೆ? ಉತ್ತರ ಸಿಕ್ಕಿದರೆ ಲೆಕ್ಕವನ್ನು ನೀವೇ ಮಾಡಬಲ್ಲಿರಿ. ಉತ್ತರ ಸಿಗದಿದ್ದರೆ ಆ ಅಂಕಿಯನ್ನು ನಂಬಬೇಡಿ.